ದಿನದ ಲೆಕ್ಕದಲ್ಲಿ 0.44, ತಿಂಗಳ ಲೆಕ್ಕದಲ್ಲಿ 1.37

ನನ್ನ ಬಳಿ ಒಂದು ಸಣ್ಣ ಕಂಪನಿಯ ಷೇರುಗಳು ಸುಮಾರು 2 ಲಕ್ಷ ರೂಪಾಯಿ ಮೌಲ್ಯದಷ್ಟಿದ್ದವು. ಅದರ ಬೀಟಾ 0.44 ಎಂಬ ಲೆಕ್ಕವನ್ನು ನಂಬಿ, ಮಾರುಕಟ್ಟೆ ಕುಸಿದರೂ ಈ ಹಣಕ್ಕೆ ಹೆಚ್ಚು ಪೆಟ್ಟಾಗುವುದಿಲ್ಲವೆಂದು ನಾನು ಬಹುಕಾಲ ಭಾವಿಸಿದ್ದೆ. ನಿಫ್ಟಿ ಶೇ 10ರಷ್ಟು ಇಳಿದರೆ, ಮಾರುಕಟ್ಟೆಯ ಕಾರಣದಿಂದ ಈ ಷೇರು ಸರಾಸರಿ ಶೇ 4.4ರಷ್ಟು ಮಾತ್ರ ಇಳಿಯುತ್ತದೆ ಎಂಬುದು ಆ ಸಂಖ್ಯೆಯ ಅರ್ಥ. ಆದರೆ 2020ರ ಮಾರ್ಚ್‌ ತಿಂಗಳಲ್ಲಿ ನಿಫ್ಟಿ ಸುಮಾರು ಶೇ 23ರಷ್ಟು ಕುಸಿದಾಗ ನನ್ನ ಷೇರು ಶೇ 31ರಷ್ಟು ಕುಸಿಯಿತು. ಆಮೇಲೆ ಲೆಕ್ಕವನ್ನು ಮೊದಲಿನಿಂದ ಪರಿಶೀಲಿಸಲು ಕುಳಿತೆ.

ನನ್ನ ವಿಧಾನ ಸರಳವಾದದ್ದು. ಎಕ್ಸೆಲ್ ಹಾಳೆಯ ಡಿ ಅಂಕಣದಲ್ಲಿ ಷೇರಿನ ದಿನದಿನದ ಶೇಕಡಾವಾರು ಏರಿಳಿತ, ಇ ಅಂಕಣದಲ್ಲಿ ಅದೇ ದಿನಗಳ ನಿಫ್ಟಿ 50ರ ಏರಿಳಿತ ಇರುತ್ತದೆ. ಬೀಟಾ ಎಂದರೆ ಈ ಎರಡರ ನಡುವಿನ ನೇರರೇಖೆಯ ಇಳಿಜಾರು.

```
=SLOPE(D3:D1240, E3:E1240)
```

ಷೇರಿನ ಅಂಕಣ ಮೊದಲು ಬರಬೇಕು. ಅದಲುಬದಲಾದರೆ ಬರುವ ಸಂಖ್ಯೆ ಬೀಟಾ ಅಲ್ಲ. ಬೋನಸ್ ಅಥವಾ ಷೇರು ವಿಭಜನೆಗೆ ಹೊಂದಿಸಿದ ಬೆಲೆಗಳನ್ನೇ ಬಳಸಬೇಕು, ಇಲ್ಲದಿದ್ದರೆ ಒಂದಕ್ಕೆ ಒಂದು ಬೋನಸ್ ಕೊಟ್ಟ ದಿನ ಷೇರು ಶೇ 50ರಷ್ಟು ಬಿದ್ದಂತೆ ಕಾಣುತ್ತದೆ. ಇವೆರಡನ್ನೂ ನಾನು ಸರಿಯಾಗಿಯೇ ಮಾಡಿದ್ದೆ. 2021ರ ಮಾರ್ಚ್‌ಗೆ ಮುಗಿದ 5 ವರ್ಷಗಳ ಅಂಕಿಗಳನ್ನು ಹಾಕಿ ನೋಡಿದರೂ ಉತ್ತರ ಅದೇ 0.44.

ತಪ್ಪು ಎಲ್ಲಿದೆ ಎಂಬುದು 2020ರ ಮಾರ್ಚ್‌ 23ರ ಸಾಲನ್ನು ನೋಡಿದಾಗ ತಿಳಿಯಿತು. ಅಂದು ನಿಫ್ಟಿ ಸುಮಾರು ಶೇ 13ರಷ್ಟು ಬಿದ್ದಿತ್ತು, ನನ್ನ ಷೇರು ಶೇ 5ರಷ್ಟು ಮಾತ್ರ. ಷೇರು ಗಟ್ಟಿಯಾಗಿ ನಿಂತಿದ್ದರಿಂದ ಹೀಗಾಗಿರಲಿಲ್ಲ. ಅದಕ್ಕೆ ದಿನಕ್ಕೆ ಶೇ 5ರ ಬೆಲೆ ಮಿತಿ ಇದ್ದುದರಿಂದ ಬೆಳಿಗ್ಗೆಯೇ ಆ ಮಿತಿಯ ಕೆಳತುದಿಯಾದ ಲೋವರ್ ಸರ್ಕ್ಯೂಟ್‌ಗೆ ತಲುಪಿ, ಮಾರುವವರು ಸಾಲುಗಟ್ಟಿದ್ದರೂ ಕೊಳ್ಳುವವರಿಲ್ಲದೆ ಅಲ್ಲಿಯೇ ಸಿಕ್ಕಿಕೊಂಡಿತ್ತು. ಮರುದಿನ ನಿಫ್ಟಿ ಶೇ 2.5ರಷ್ಟು ಏರಿದರೆ, ಹಿಂದಿನ ದಿನದ ಬಾಕಿ ಇಳಿಕೆಯನ್ನು ತೀರಿಸುತ್ತಿದ್ದ ನನ್ನ ಷೇರು ಮತ್ತೆ ಶೇ 5ರಷ್ಟು ಇಳಿಯಿತು. ಹೀಗೆ ಒಂದೇ ಕುಸಿತವು ಹಲವು ದಿನಗಳಿಗೆ ಹಂಚಿಹೋಗಿ, ಅದರಲ್ಲಿ ಒಂದು ದಿನ ಮಾರುಕಟ್ಟೆಗೆ ವಿರುದ್ಧವಾಗಿ ನಡೆದಂತೆಯೂ ದಾಖಲಾಗುತ್ತದೆ. ಸರ್ಕ್ಯೂಟ್ ತಾಗದ ಸಾಮಾನ್ಯ ದಿನಗಳಲ್ಲಿಯೂ ಇದೇ ತೊಂದರೆ ಸಣ್ಣ ಪ್ರಮಾಣದಲ್ಲಿ ಇರುತ್ತದೆ, ಏಕೆಂದರೆ ವ್ಯವಹಾರ ಕಡಿಮೆಯಿರುವ ಷೇರಿನ ಕೊನೆಯ ವಹಿವಾಟು ಮಧ್ಯಾಹ್ನವೇ ಮುಗಿದಿದ್ದರೆ, ಆಮೇಲಿನ ನಿಫ್ಟಿಯ ಚಲನೆ ಅದರ ಬೆಲೆಯಲ್ಲಿ ಕಾಣುವುದು ಮರುದಿನವೇ.

ಈ ಅನುಮಾನವನ್ನು ಪರೀಕ್ಷಿಸಲು ಷೇರಿನ ಇಂದಿನ ಏರಿಳಿತವನ್ನು ನಿಫ್ಟಿಯ ನಿನ್ನೆಯ ಏರಿಳಿತದೊಂದಿಗೆ ಹೋಲಿಸಿದೆ. ಅದಕ್ಕೆ ಸಾಲುಗಳನ್ನು ಒಂದು ಸ್ಥಾನ ಸರಿಸಿದರೆ ಸಾಕು.

```
=SLOPE(D4:D1240, E3:E1239)
```

ದಿನವಿಡೀ ಕೈಬದಲಾಗುವ ದೊಡ್ಡ ಷೇರುಗಳಲ್ಲಿ ಈ ಸಂಖ್ಯೆ ಸೊನ್ನೆಯ ಆಸುಪಾಸಿನಲ್ಲಿರಬೇಕು. ನನಗೆ ಬಂದದ್ದು 0.31. ಅಂದರೆ ಮಾರುಕಟ್ಟೆಯ ಪ್ರಭಾವದ ದೊಡ್ಡ ಪಾಲು ತಡವಾಗಿ ಬರುತ್ತಿತ್ತು, ನನ್ನ ಲೆಕ್ಕ ಅದನ್ನು ಗಮನಿಸಿಯೇ ಇರಲಿಲ್ಲ.

ಆದ್ದರಿಂದ ಅದೇ 5 ವರ್ಷಗಳನ್ನು ವಾರದ ಏರಿಳಿತಗಳಲ್ಲಿ ಲೆಕ್ಕ ಹಾಕಿದೆ, ಬೀಟಾ 0.98ಕ್ಕೆ ಬಂದಿತು. ತಿಂಗಳ ಏರಿಳಿತಗಳಲ್ಲಿ 1.37. ತಡವಾಗಿ ಬಂದ ಇಳಿಕೆಯೂ ಆ ತಿಂಗಳ ಒಳಗೇ ಸೇರಿಹೋಗುವುದರಿಂದ ಈ ಸಂಖ್ಯೆಯೇ ನಿಜಕ್ಕೆ ಹತ್ತಿರ ಎಂಬುದು ನನ್ನ ಅಭಿಪ್ರಾಯ. ಆದರೆ ಇದಕ್ಕೂ ಬೆಲೆ ತೆರಬೇಕಾಗುತ್ತದೆ: ಸಾವಿರದಿನ್ನೂರಕ್ಕೂ ಹೆಚ್ಚು ಬಿಂದುಗಳಿದ್ದ ಕಡೆ ಈಗ ಉಳಿದದ್ದು 60 ಮಾತ್ರ. ಅಂದಾಜಿನ ದೋಷ 0.21 ಎಂದು ಬಂದುದರಿಂದ, ಅದರ ಎರಡು ಪಟ್ಟನ್ನು ಎರಡೂ ಕಡೆ ಬಿಟ್ಟರೆ ನಿಜವಾದ ಬೀಟಾ 0.95ರಿಂದ 1.79ರವರೆಗೆ ಎಲ್ಲಿಯಾದರೂ ಇರಬಹುದು. ಷೇರಿನ ಏರಿಳಿತದಲ್ಲಿ ಮಾರುಕಟ್ಟೆಯ ಪಾಲು ಎಷ್ಟೆಂದು ಹೇಳುವ `RSQ` ಸೂತ್ರ 0.42 ತೋರಿಸಿತು, ಅಂದರೆ ಅರ್ಧಕ್ಕಿಂತ ಹೆಚ್ಚು ಪಾಲು ಆ ಕಂಪನಿಯ ಸ್ವಂತ ಕಾರಣಗಳದ್ದು, ಅದರ ಬಗ್ಗೆ ಬೀಟಾ ಏನನ್ನೂ ಹೇಳುವುದಿಲ್ಲ.

ನಿಫ್ಟಿ ಶೇ 10 ಇಳಿದರೆ 2 ಲಕ್ಷದಲ್ಲಿ ಮಾರುಕಟ್ಟೆಯ ಕಾರಣದಿಂದಲೇ 8,800 ರೂಪಾಯಿ ಹೋಗುತ್ತದೆ ಎಂದು ನಾನು ಬರೆದಿಟ್ಟುಕೊಂಡಿದ್ದೆ. ಅದನ್ನು ಹೊಡೆದುಹಾಕಿ 27,400 ಎಂದು ತಿದ್ದಿದೆ, ಅಷ್ಟು ನಷ್ಟವನ್ನು ತಾಳಲು ಮನಸ್ಸಿಲ್ಲದ್ದರಿಂದ ಅರ್ಧದಷ್ಟು ಷೇರುಗಳನ್ನು ಮಾರಿದೆ. ಈಗ ಯಾವುದೇ ಸಣ್ಣ ಕಂಪನಿಯ ಹಾಳೆಯಲ್ಲಿಯೂ ದಿನ, ವಾರ, ತಿಂಗಳು ಎಂಬ ಮೂರು ಬೀಟಾಗಳನ್ನು ಅಕ್ಕಪಕ್ಕದಲ್ಲಿ ಬರೆಯುತ್ತೇನೆ. ಅವು ಹೀಗೆ ಮೇಲೇರುತ್ತಾ ಹೋದರೆ ದಿನದ ಸಂಖ್ಯೆಯನ್ನು ಬಳಸುವುದಿಲ್ಲ.