ಮೊದಲ ಮಗ್ಗುಲಿಗೆ 20 ಸೆಕೆಂಡು

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರಿಗೆ ಊಟದ ಡಬ್ಬಿ ಕಳಿಸುವ ಕೆಲಸಕ್ಕೆ ಇಳಿದಾಗ ಜೋಳದ ರೊಟ್ಟಿಯ ಚಿಂತೆ ನನಗಿರಲಿಲ್ಲ; ನಾನು ಸೋತದ್ದು ಚಪಾತಿಯಲ್ಲಿ. ಬೆಳಿಗ್ಗೆ ಬೇಯಿಸಿದ್ದು ಮಧ್ಯಾಹ್ನ ಡಬ್ಬಿ ತೆರೆಯುವ ಹೊತ್ತಿಗೆ ಚಕ್ಕಳವಾಗಿರುತ್ತಿತ್ತು. ಮೂರು ತಿಂಗಳಲ್ಲಿ 11 ಡಬ್ಬಿಗಳು ನಿಂತವು. ಡಬ್ಬಿಗೆ ತಿಂಗಳಿಗೆ 1,500 ರೂಪಾಯಿಯಂತೆ ಕೈಬಿಟ್ಟದ್ದೆಷ್ಟೆಂದು ನೀವೇ ಲೆಕ್ಕ ಹಾಕಿಕೊಳ್ಳಬಹುದು. ಎಣ್ಣೆ ಸವರಿ, ಮಡಚಿ ಲಟ್ಟಿಸುವ ನಮ್ಮ ಕಡೆಯ ಪದರಿನ ಚಪಾತಿ ಮೆತ್ತಗೆ ಉಳಿಯುತ್ತದೆ, ನಿಜ. ಆದರೆ ದಿನಕ್ಕೆ 200 ಚಪಾತಿಗೆ ಮುಕ್ಕಾಲು ಲೀಟರಿನಷ್ಟು ಎಣ್ಣೆ ಹೋಗುತ್ತಿತ್ತು, ಆ ದರಕ್ಕೆ ಅದು ಗಿಟ್ಟುತ್ತಿರಲಿಲ್ಲ.

ಹಾಗಾಗಿ ಎಣ್ಣೆಯಿಲ್ಲದೆ ಲಟ್ಟಿಸಿ, ಕೊನೆಗೆ ನೇರ ಉರಿಗೆ ಹಿಡಿದು ಉಬ್ಬಿಸುವುದೆಂದು ನಿಶ್ಚಯಿಸಿದೆ. ನಮ್ಮಲ್ಲಿ ರೊಟ್ಟಿ ಬಡಿಯುವ ಹಿರಿಯ ಹೆಂಗಸು, "ಉರಿಗೆ ಹಿಡಿಯೂದು ರೊಟ್ಟಿಗೆ ಸೈ, ಚಪಾತಿ ಸುಟ್ಟು ಹಪ್ಪಳ ಆಗತಾವ ನೋಡ್ರಿ ಅಕ್ಕಾರ" ಎಂದರು. ಮೊದಲ ಎರಡು ವಾರ ಅವರ ಮಾತೇ ನಿಜವಾಯಿತು. ಹತ್ತರಲ್ಲಿ ಮೂರೋ ನಾಲ್ಕೋ ಉಬ್ಬುತ್ತಿದ್ದವು, ಉಳಿದವು ಅಲ್ಲಲ್ಲಿ ಗುಳ್ಳೆಯೆದ್ದು ಗುಳ್ಳೆಯ ತುದಿಯಲ್ಲಿ ಕಪ್ಪಾಗುತ್ತಿದ್ದವು. ತಪ್ಪು ಹಿಟ್ಟಿನಲ್ಲಿದೆ ಎಂದುಕೊಂಡು ಬಿಸಿನೀರಿನಲ್ಲಿ ಕಲಸಿದೆ, ಹಾಲು ಹಾಕಿದೆ. ಹಾಲು ಹಾಕಿದ್ದು ಮೆತ್ತಗಾಯಿತೇನೋ ಹೌದು, ಆದರೆ ಉರಿ ಕಂಡೊಡನೆ ಕೆಂಪೇರಿ ಸುಡತೊಡಗಿತು, ಖರ್ಚು ಬೇರೆ.

ಒಂದು ಭಾನುವಾರ ಗಡಿಯಾರ ಮುಂದಿಟ್ಟುಕೊಂಡು ಕುಳಿತೆ. ಒಂದೇ ಕಣಕದಿಂದ ತಲಾ 45 ಗ್ರಾಮಿನ 12 ಉಂಡೆ ಮಾಡಿ, ಒಂದೇ ದಪ್ಪಕ್ಕೆ ಲಟ್ಟಿಸಿ, ಮೊದಲ ಮಗ್ಗುಲನ್ನು ಹಂಚಿನ ಮೇಲೆ ಬಿಡುವ ಹೊತ್ತನ್ನು ಮಾತ್ರ ಬದಲಿಸಿದೆ. 10 ಸೆಕೆಂಡಿಗೆ ತಿರುವಿದ ನಾಲ್ಕು ಇನ್ನೂ ಹಸಿಯಾಗಿದ್ದು ಹಂಚಿಗೆ ಅಂಟಿದವು. ಎಬ್ಬಿಸುವಾಗ ಬಿದ್ದ ಸಣ್ಣ ಹರಕಿನಿಂದ ಹಬೆ ಹೊರಟುಹೋಗಿ, ಅವುಗಳಲ್ಲಿ ಒಂದೇ ಒಂದು ಉಬ್ಬಿತು. 40 ಸೆಕೆಂಡು ಬಿಟ್ಟ ನಾಲ್ಕರ ಮೊದಲ ಮಗ್ಗುಲು ಕೆಂಪು ಚುಕ್ಕೆಯಾಗಿ ಬಿರುಸಾಯಿತು, ಉರಿಗೆ ಹಿಡಿದಾಗ ಅದು ಹಿಗ್ಗಲೇ ಇಲ್ಲ. 20 ಸೆಕೆಂಡಿಗೆ, ಅಂದರೆ ಬಣ್ಣ ಮಾಸಿ ಸಾಸಿವೆಯಷ್ಟು ಗುಳ್ಳೆಗಳು ಏಳುವಾಗಲೇ ತಿರುವಿದ ನಾಲ್ಕೂ ಚೆಂಡಿನಂತೆ ಉಬ್ಬಿದವು. ನಾನು ಇಷ್ಟು ದಿನ ಮಾಡುತ್ತಿದ್ದದ್ದು 40 ಸೆಕೆಂಡಿನ ಚಪಾತಿ!

ಕಾರಣ ಆಮೇಲೆ ಹೊಳೆಯಿತು. ಮೊದಲ ಮಗ್ಗುಲು ತೆಳ್ಳನೆಯ ಪೊರೆಯಾಗಬೇಕು, ಒಣಗಬಾರದು. ಎರಡನೆಯ ಮಗ್ಗುಲನ್ನು 35-40 ಸೆಕೆಂಡು ಬಿಟ್ಟು ಕಂದು ಚುಕ್ಕೆ ಮೂಡುವವರೆಗೆ ಗಟ್ಟಿಯಾಗಿ ಬೇಯಿಸಬೇಕು. ಅನಂತರ ಆ ಮೊದಲ ಮಗ್ಗುಲೇ ಉರಿಯ ಕಡೆಗೆ ಬರುವಂತೆ ಇಟ್ಟರೆ, ಮೆತ್ತಗಿರುವ ಪೊರೆಯನ್ನು ಒಳಗಿನ ನೀರು ಹಬೆಯಾಗಿ ಎತ್ತುತ್ತದೆ. ಉರಿಯ ಮೇಲೆ 5-6 ಸೆಕೆಂಡು ಸಾಕು, ಅಂಚು ಹಿಡಿದು ತಿರುಗಿಸುತ್ತಿರಬೇಕು. ಉರಿ ನೀಲಿಯಾಗಿರಬೇಕು, ಹಳದಿ ನಾಲಗೆಯ ಉರಿ ಚಪಾತಿಗೆ ಮಸಿ ಬಳಿಯುತ್ತದೆ, ಬರ್ನರಿನ ತೂತು ಕಟ್ಟಿದ್ದರೆ ಹೀಗಾಗುತ್ತದೆ.

ಈ 20 ಸೆಕೆಂಡು ನಡೆಯುವುದು ಹಂಚು ಸರಿಯಾಗಿ ಕಾದಿದ್ದರೆ ಮಾತ್ರ. ನನ್ನದು ದಪ್ಪ ಕಬ್ಬಿಣದ ಹಂಚು, ಕಾಯಲು ಆರೇಳು ನಿಮಿಷ ಬೇಕು. ಚಿಟಿಕೆ ಒಣ ಹಿಟ್ಟು ಉದುರಿಸಿ ನೋಡುತ್ತೇನೆ: ಐದಾರು ಎಣಿಸುವುದರೊಳಗೆ ತಿಳಿಗೆಂಪಾದರೆ ಸರಿ, ಬಿದ್ದೊಡನೆ ಕಪ್ಪಾಗಿ ಹೊಗೆ ಬಂದರೆ ಉರಿ ಇಳಿಸಬೇಕು, ಬಿಳಿಯಾಗಿಯೇ ಉಳಿದರೆ ಇನ್ನೂ ಕಾಯಬೇಕು. ಆರಿದ ಹಂಚಿನ ಮೇಲೆ ಚಪಾತಿ ಬೇಯುವ ಮೊದಲೇ ಒಣಗುತ್ತದೆ. ಹತ್ತು-ಹನ್ನೆರಡು ಚಪಾತಿಯಾದ ಮೇಲೆ ಉದುರಿದ ಹಿಟ್ಟು ಸುಟ್ಟು ಕಹಿಯಾಗುವುದರಿಂದ ಹಂಚನ್ನು ಬಟ್ಟೆಯಿಂದ ಒರೆಸುವುದನ್ನು ನಾನು ಎಂದೂ ತಪ್ಪಿಸುವುದಿಲ್ಲ.

ಒಂದು ಕಿಲೋ ಹಿಟ್ಟಿಗೆ 650 ಮಿಲಿಲೀಟರ್ ಆಸುಪಾಸು ನೀರು ಹಿಡಿಯುತ್ತದೆ, 35 ಚಪಾತಿಯಾಗುತ್ತವೆ. ಕಣಕವನ್ನು ನೆನೆಯಲು ಬಿಟ್ಟ ಮೇಲೆ ಲಟ್ಟಿಸುವ ಮುನ್ನ ನಾನು ಮಾಡುವ ಒಂದು ಕೆಲಸವನ್ನು ಇಲ್ಲಿ ಬರೆಯುವುದಿಲ್ಲ. ಅದರ ಮೇಲೆ ನನ್ನ ಹೊಟ್ಟೆಪಾಡಿದೆ.

ಉಬ್ಬಿದ ಚಪಾತಿಯನ್ನು ಹಾಗೇ ಡಬ್ಬಿಗೆ ಹಾಕಿ ಇನ್ನೊಂದು ಪೆಟ್ಟು ತಿಂದೆ: ಹಬೆ ಮುಚ್ಚಳಕ್ಕೆ ನೀರಾಗಿ ಕೂತು, ತಳದ ಚಪಾತಿಗಳು ಮುದ್ದೆಯಾದವು. ಈಗ ಅಂಗೈಯಿಂದ ಮೆಲ್ಲಗೆ ಒತ್ತಿ ಹಬೆ ಬಿಟ್ಟು, ಹತ್ತಿ ಬಟ್ಟೆಯ ಮೇಲೆ ಒಂದು ನಿಮಿಷ ಆರಿಸಿ, ಅದೇ ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಎಣ್ಣೆ ಪೂರಾ ಉಳಿಯಿತು; ಒಂಬತ್ತು ದಿನಕ್ಕೆ ಮುಗಿಯುತ್ತಿದ್ದ ಸಿಲಿಂಡರು ಈಗ ಹನ್ನೊಂದು ದಿನ ಬರುತ್ತಿದೆ. ಬಿಟ್ಟುಹೋದ 11 ಡಬ್ಬಿಗಳಲ್ಲಿ ಏಳು ಮರಳಿವೆ. ಹಪ್ಪಳವಾಗುತ್ತವೆ ಎಂದಿದ್ದ ಆ ಹಿರಿಯರೇ ಈಗ ಉರಿಯ ಮುಂದೆ ನಿಲ್ಲುತ್ತಾರೆ. ನಾನು ಎಣಿಸುವುದು ತಪ್ಪಿದರೆ ಅತ್ತ ತಿರುಗದೆಯೇ, "ಹೊಳ್ಳಿಸ್ರಿ ಅಕ್ಕಾರ, ಹೊತ್ತಾತು" ಎನ್ನುತ್ತಾರೆ.