ಜಾಹೀರಾತಿನಲ್ಲಿ ಪೋಸ್ಟ್‌ಗ್ರೆಸ್, ರೆಸ್ಯೂಮ್‌ನಲ್ಲಿ ಮೈಎಸ್‌ಕ್ಯೂಎಲ್

ಸ್ಪ್ರಿಂಗ್ ಬೂಟ್, ಪೋಸ್ಟ್‌ಗ್ರೆಸ್, ಎಡಬ್ಲ್ಯೂಎಸ್. ಸಾಫ್ಟ್‌ವೇರ್ ಡೆವಲಪರ್ ಹುದ್ದೆಯೊಂದಕ್ಕೆ ಈ ಮೂರು ಹೆಸರುಗಳಿದ್ದ ಜಾಹೀರಾತಿಗೆ ಬಂದ ಅರ್ಜಿಗಳನ್ನು ಸೋಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ರೆಸ್ಯೂಮ್‌ಗಳನ್ನು ತೆರೆಯುವ ಮೊದಲು ನಾನು ತಂಡದ ಮುಖ್ಯಸ್ಥರ ಬಳಿ ಹೋಗಿ, ಈ ಒಂದೊಂದು ಹೆಸರೂ ಜಾಹೀರಾತಿಗೆ ಯಾಕೆ ಬಂತು ಎಂದು ಕೇಳಿದೆ. ಯಾವ ಹುದ್ದೆಗಾದರೂ ನಾನು ಆರಂಭಿಸುವುದು ಹೀಗೆಯೇ.

ಅವರ ಉತ್ತರದಿಂದ ಪಟ್ಟಿಯ ರೂಪವೇ ಬದಲಾಯಿತು. ಕೋಡ್ ಎಲ್ಲವೂ ಸ್ಪ್ರಿಂಗ್ ಬೂಟ್‌ನಲ್ಲಿದೆ, ಹೊಸಬರಿಗೆ ಅದನ್ನು ಕಲಿಸಲು ಯಾರಿಗೂ ಬಿಡುವಿಲ್ಲ. ಹಾಗಾಗಿ ಅದು ಬೇಕೇ ಬೇಕು. ಪೋಸ್ಟ್‌ಗ್ರೆಸ್ ಬಂದದ್ದು ಆರ್ಡರ್‌ಗಳ ಟೇಬಲ್ ಬೆಳೆದು ಪುಟಗಳು ನಿಧಾನವಾಗಿದ್ದರಿಂದ. ಎಡಬ್ಲ್ಯೂಎಸ್ ಬಂದದ್ದು ಆರ್ಡರ್‌ಗಳು ಅದರ ಸಂದೇಶಗಳ ಸಾಲಾದ ಎಸ್‌ಕ್ಯೂಎಸ್ ಮೂಲಕ ಹರಿಯುವುದರಿಂದ; ಸರ್ವರ್‌ಗಳನ್ನೂ ಅನುಮತಿಗಳನ್ನೂ ಬೇರೆ ತಂಡ ನೋಡಿಕೊಳ್ಳುತ್ತದೆ. ಅಂದರೆ ಅವರಿಗೆ ಬೇಕಾಗಿದ್ದವರು ಸ್ಪ್ರಿಂಗ್ ಬಲ್ಲ, ನಿಧಾನವಾದ ಕ್ವೆರಿಯನ್ನು ಸರಿಪಡಿಸಬಲ್ಲ, ಸಂದೇಶಗಳ ಸಾಲು ಹೇಗೆ ವರ್ತಿಸುತ್ತದೆಂದು ತಿಳಿದಿರುವ ಒಬ್ಬರು.

ಮೊದಲ ಅಭ್ಯರ್ಥಿಯ ಕೌಶಲಪಟ್ಟಿಯಲ್ಲಿ ಮೂರೂ ಹೆಸರುಗಳಿದ್ದವು. ಆದರೆ ಕೆಳಗಿನ ಪ್ರತಿ ಪ್ರಾಜೆಕ್ಟ್‌ನಲ್ಲೂ ಇದ್ದದ್ದು ‘ಸ್ಪ್ರಿಂಗ್ ಬೂಟ್, ಪೋಸ್ಟ್‌ಗ್ರೆಸ್ ಮತ್ತು ಎಡಬ್ಲ್ಯೂಎಸ್ ಬಳಸಿ ಸೇವೆಗಳನ್ನು ಅಭಿವೃದ್ಧಿಪಡಿಸಲಾಗಿದೆ’ ಎಂಬ ಒಂದೇ ಧಾಟಿಯ ವಾಕ್ಯ. ಯಾರು ಅಭಿವೃದ್ಧಿಪಡಿಸಿದರು, ಎದುರಾದ ತೊಡಕೇನು ಎಂಬುದು ಎಲ್ಲೂ ಇರಲಿಲ್ಲ. 2020ಕ್ಕೆ ಮುಗಿದ ಕೆಲಸದ ಅಡಿಯಲ್ಲಿ ಸ್ಪ್ರಿಂಗ್ ಬೂಟ್ 3 ಎಂದಿತ್ತು. ಆ ಆವೃತ್ತಿ ಹೊರಬಂದದ್ದು 2022ರ ನವೆಂಬರ್‌ನಲ್ಲಿ. ಹಳೆಯ ಕೆಲಸದ ಮುಂದೆ ಹೊಸ ಪಟ್ಟಿಯನ್ನು ಅಂಟಿಸಿದಾಗಲೂ ಹೀಗಾಗುತ್ತದೆ, ಆದ್ದರಿಂದ ಇಷ್ಟಕ್ಕೇ ಅರ್ಜಿಯನ್ನು ಪಕ್ಕಕ್ಕಿಡಲಿಲ್ಲ. ಸಂದರ್ಶನದಲ್ಲಿ ಕೇಳಬೇಕಾದ ಪ್ರಶ್ನೆಯಾಗಿ ಬರೆದುಕೊಂಡೆ.

ಎರಡನೆಯ ಅಭ್ಯರ್ಥಿಯ ಬಳಿ ಸ್ಪ್ರಿಂಗ್ ಬೂಟ್ ಇತ್ತು, ಜೊತೆಗೆ ಮೈಎಸ್‌ಕ್ಯೂಎಲ್ ಮತ್ತು ಅಜೂರ್. ಹೆಸರು ಹೊಂದಿಸಿ ನೋಡಿದರೆ ಮೂರರಲ್ಲಿ ಒಂದೇ ಹೊಂದುತ್ತದೆ. ಆದರೆ ರೆಸ್ಯೂಮ್‌ನ ಎರಡು ಸಾಲುಗಳು ನನ್ನನ್ನು ಹಿಡಿದು ನಿಲ್ಲಿಸಿದವು.

ಆರ್ಡರ್ ಇತಿಹಾಸದ ಪುಟದಿಂದ `OFFSET` ತೆಗೆದು, ಕೊನೆಯದಾಗಿ ನೋಡಿದ ದಿನಾಂಕ ಮತ್ತು ಐಡಿಯಿಂದ ಮುಂದಿನ ಪುಟ ಶುರುವಾಗುವಂತೆ ಮಾಡಿ, ಅದಕ್ಕೆ ತಕ್ಕ ಇಂಡೆಕ್ಸ್ ಸೇರಿಸಿದ್ದಾಗಿ ಮೊದಲ ಸಾಲು ಹೇಳುತ್ತಿತ್ತು. `OFFSET` ದೊಡ್ಡದಾದಷ್ಟೂ ಡೇಟಾಬೇಸ್ ಟೇಬಲ್‌ನ ಹಿಂದಿನ ಸಾಲುಗಳನ್ನೆಲ್ಲ ಓದಿ ಎಸೆಯಬೇಕಾಗುತ್ತದೆ. ಇದು ಮೈಎಸ್‌ಕ್ಯೂಎಲ್‌ನಲ್ಲಿ ಎಷ್ಟು ನಿಜವೋ ಪೋಸ್ಟ್‌ಗ್ರೆಸ್‌ನಲ್ಲೂ ಅಷ್ಟೇ ನಿಜ, ಪರಿಹಾರವೂ ಅದೇ. ತಂಡದ ಮುಖ್ಯಸ್ಥರು ಹೇಳಿದ ತೊಂದರೆಯೂ ಬಹುಮಟ್ಟಿಗೆ ಇದೇ ಆಗಿತ್ತು.

ರೆಸ್ಯೂಮ್‌ನ ಇನ್ನೊಂದು ಸಾಲು ಅಜೂರ್‌ನ ಸಂದೇಶ ಸೇವೆಯಾದ ಸರ್ವಿಸ್ ಬಸ್ ಕುರಿತಾದದ್ದು. ಒಂದೇ ಪಾವತಿ ಸಂದೇಶ ಎರಡು ಸಲ ಬಂದರೂ ಒಮ್ಮೆ ಮಾತ್ರ ದಾಖಲಾಗುವಂತೆ ಪಾವತಿ ಸಂಖ್ಯೆಯ ಮೇಲೆ ಯೂನಿಕ್ ನಿರ್ಬಂಧ ಹಾಕಿದ್ದರು. ಸರ್ವಿಸ್ ಬಸ್‌ನಲ್ಲಿ ಸಂದೇಶಕ್ಕೆ ಹಾಕಿದ ಲಾಕ್‌ನ ಅವಧಿ ಮುಗಿದರೆ ಅದು ಮತ್ತೆ ಬರುತ್ತದೆ. ಎಸ್‌ಕ್ಯೂಎಸ್‌ನಲ್ಲಿ ಎತ್ತಿಕೊಂಡ ಸಂದೇಶ ಮರೆಯಲ್ಲಿರುವ ಅವಧಿ ತಾನಾಗಿ 30 ಸೆಕೆಂಡುಗಳಿಗೆ ನಿಗದಿಯಾಗಿರುತ್ತದೆ. ಅಷ್ಟರಲ್ಲಿ ಕೆಲಸ ಮುಗಿಸಿ ಅಳಿಸದಿದ್ದರೆ ಅಲ್ಲೂ ಮರಳಿ ಕಾಣಿಸಿಕೊಳ್ಳುತ್ತದೆ. ಈ ಪೆಟ್ಟನ್ನು ಒಂದು ಕಡೆ ತಿಂದು ಸರಿಪಡಿಸಿದವರಿಗೆ ಇನ್ನೊಂದು ಕಡೆ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನಿಲ್ಲ.

ಹಾಗೆಂದು ಎಲ್ಲವೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಗೇ ಬರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ತಿದ್ದಿದಾಗ ಅದರ ಹಳೆಯ ರೂಪ ಟೇಬಲ್‌ನಲ್ಲೇ ಉಳಿದು, ಆಟೋವ್ಯಾಕ್ಯೂಮ್ ಬಂದು ಜಾಗ ತೆರವು ಮಾಡಬೇಕು. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಹಳೆಯ ರೂಪವನ್ನು ಬೇರೆಡೆ, ಅನ್‌ಡೂ ಲಾಗ್‌ನಲ್ಲಿ, ಇಡುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದವರಿಗೆ ಟೇಬಲ್ ಯಾಕೆ ಊದಿಕೊಂಡಿತೆಂದು ಹೊಳೆಯಲು ಸಮಯ ಹಿಡಿಯುತ್ತದೆ. ಅಜೂರ್‌ನ ಅನುಮತಿ ವ್ಯವಸ್ಥೆಯನ್ನು ಬಲ್ಲವರಿಗೂ ಎಡಬ್ಲ್ಯೂಎಸ್‌ನ ಐಎಎಂ ಬೇರೆಯದೇ ಲೋಕ. ಈ ಹುದ್ದೆಯ ಕೆಲಸ ಸರ್ವರ್‌ಗಳನ್ನು ಕಟ್ಟುವುದೇ ಆಗಿದ್ದರೆ ಎರಡನೆಯ ಅರ್ಜಿಯನ್ನು ನಾನು ಕೆಳಗಿಡುತ್ತಿದ್ದೆ.

ಇಬ್ಬರನ್ನೂ ಸಂದರ್ಶನಕ್ಕೆ ಕರೆಯಲು ಶಿಫಾರಸು ಮಾಡಿದೆ, ಎರಡನೆಯವರನ್ನು ಮೊದಲು. ಸಂದರ್ಶಕರಿಗೆ ಬರೆದ ಟಿಪ್ಪಣಿಯಲ್ಲಿ ಅಂಕಗಳನ್ನು ಹಾಕಲಿಲ್ಲ. ಎರಡನೆಯವರ ಹೆಸರಿನ ಎದುರು, ‘ಹೊಸ ಪುಟವ್ಯವಸ್ಥೆಯಲ್ಲಿ ಬಳಕೆದಾರರು ನೇರವಾಗಿ ಐವತ್ತನೆಯ ಪುಟಕ್ಕೆ ಹೋಗಲಾಗದು; ಅದನ್ನು ಹೇಗೆ ನಿಭಾಯಿಸಿದಿರಿ ಎಂದು ಕೇಳಿ’ ಎಂದು ಬರೆದೆ. ಮೊದಲನೆಯವರ ಎದುರು, ‘ನೀವೇ ಸರಿಪಡಿಸಿದ ಒಂದು ನಿಧಾನದ ಕ್ವೆರಿಯನ್ನು ಹೇಳಿ, `EXPLAIN` ಮೊದಲು ಏನು ತೋರಿಸಿತು, ಆಮೇಲೆ ಏನು ತೋರಿಸಿತು ಎಂದು ಕೇಳಿ; ಸ್ಪ್ರಿಂಗ್ ಆವೃತ್ತಿಯ ವಿಷಯವನ್ನೂ ವಿಚಾರಿಸಿ’ ಎಂದು ಬರೆದೆ.