ಶುಲ್ಕದ ರಶೀದಿ ಪುಸ್ತಕದ ಫೋಟೊಗಳಿಂದ ಲೆಡ್ಜರ್ ಮಾಡಿದ್ದು: ನನ್ನ ಅನುಭವ

ನನಗೆ ಸಿಕ್ಕಿದ್ದು ಶಾಲೆಯೊಂದರ ರಶೀದಿ ಪುಸ್ತಕದ ಫೋಟೊಗಳು ಮಾತ್ರ. ಅಸಲು ರಶೀದಿ ಹರಿದು ಪೋಷಕರಿಗೆ ಹೋಗಿರುತ್ತದೆ, ಪುಸ್ತಕದಲ್ಲಿ ಉಳಿಯುವುದು ಕಾರ್ಬನ್ ಪ್ರತಿ. ಅಕ್ಷರ ಮಸುಕು, ಕೆಲವೆಡೆ ಕಾರ್ಬನ್ ಸರಿದು ಅರ್ಧ ಸಾಲೇ ಬಿದ್ದಿರುವುದಿಲ್ಲ. ಹಾಗಾಗಿ ನಾನು ಹೆಸರಿನಿಂದ ಶುರು ಮಾಡಲಿಲ್ಲ. ಕೈಬರಹವಲ್ಲದೆ ಅಚ್ಚಾಗಿ ಬಂದಿರುವುದು ರಶೀದಿ ಸಂಖ್ಯೆಯೊಂದೇ. ಅದನ್ನೇ ನಂಬಿ ಹೊರಟೆ.

ಫೋಟೊ ತೆರೆಯುವ ಮೊದಲೇ ಎಕ್ಸೆಲ್ ಹಾಳೆಯಲ್ಲಿ ಪುಸ್ತಕದ ಮೊದಲ ಸಂಖ್ಯೆಯಿಂದ ಕೊನೆಯ ಸಂಖ್ಯೆಯವರೆಗೆ ಒಂದೂ ಬಿಡದೆ ಸಾಲಾಗಿ ತುಂಬಿಟ್ಟೆ. ಆಮೇಲೆ ಪ್ರತಿ ಫೋಟೊ ನೋಡಿ ಆಯಾ ಸಂಖ್ಯೆಯ ಮುಂದೆ ವಿವರ ಬರೆದೆ. ಇದರಿಂದ ಏನು ಬಿಟ್ಟುಹೋಗಿದೆ ಎನ್ನುವುದು ಖಾಲಿ ಸಾಲಾಗಿ ಕಣ್ಣಿಗೆ ಬೀಳುತ್ತದೆ. ಒತ್ತೊತ್ತಾಗಿ ಎರಡು ಮೂರು ಸಂಖ್ಯೆ ಖಾಲಿ ಉಳಿದರೆ ಫೋಟೊ ತೆಗೆದವರು ಎರಡು ಹಾಳೆ ಒಟ್ಟಿಗೆ ಮಗುಚಿರುವ ಸಾಧ್ಯತೆ ಹೆಚ್ಚು. ಆ ಹಾಳೆಗಳ ಫೋಟೊ ಮತ್ತೆ ಕೇಳಿ ತರಿಸಿಕೊಂಡೆ. ‘ರದ್ದು’ ಎಂದು ಅಡ್ಡಗೆರೆ ಎಳೆದ ರಶೀದಿಗೂ ಸಾಲು ಇರಲೇಬೇಕು, ಮೊತ್ತ ಸೊನ್ನೆ. ಅದನ್ನು ಬಿಟ್ಟುಬಿಟ್ಟರೆ ಕಳೆದುಹೋದ ರಶೀದಿಗೂ ರದ್ದಾದ ರಶೀದಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

ಕಾಲಂಗಳು ಹೀಗಿದ್ದವು: ರಶೀದಿ ಸಂಖ್ಯೆ, ಫೋಟೊ ಫೈಲಿನ ಹೆಸರು, ದಿನಾಂಕ, ರಶೀದಿಯಲ್ಲಿ ಬರೆದಿರುವಂತೆಯೇ ಹೆಸರು, ತರಗತಿ, ದಾಖಲಾತಿ ಸಂಖ್ಯೆ, ಅಂಕಿಯಲ್ಲಿ ಮೊತ್ತ, ಅಕ್ಷರದಲ್ಲಿ ಬರೆದ ಮೊತ್ತ, ಒಪ್ಪಿದ ಮೊತ್ತ, ಷರಾ. ಮೊತ್ತಕ್ಕೆ ಮೂರು ಕಾಲಂ ಯಾಕೆಂದರೆ ಕಾರ್ಬನ್ನಿನಲ್ಲಿ 1 ಮತ್ತು 7, 3 ಮತ್ತು 8 ಒಂದೇ ಥರ ಕಾಣುತ್ತವೆ. ಅಕ್ಷರದಲ್ಲಿ ಬರೆದ ಸಾಲನ್ನೂ ಅಂಕಿಯಾಗಿ ಟೈಪ್ ಮಾಡಿದರೆ ಎರಡೂ ತಾಳೆಯಾಗುತ್ತವೆಯೋ ಇಲ್ಲವೋ ಹಾಳೆಯೇ ಹೇಳುತ್ತದೆ:

```
=IF(G2=H2,"","ನೋಡಿ")
```

ದಿನಾಂಕದಲ್ಲಿ ಎಚ್ಚರ ಬೇಕು. ಕಂಪ್ಯೂಟರ್ ತಿಂಗಳು ಮೊದಲು, ದಿನ ಆಮೇಲೆ ಎಂಬ ಕ್ರಮದಲ್ಲಿದ್ದರೆ 05/06 ಎಂದು ಹೊಡೆದ ಜೂನ್ 5 ಸದ್ದಿಲ್ಲದೆ ಮೇ 6 ಆಗಿಬಿಡುತ್ತದೆ. 25/06 ಮಾತ್ರ ದಿನಾಂಕವಾಗದೆ ಪಠ್ಯವಾಗಿ ಎಡಕ್ಕೆ ಅಂಟಿಕೊಂಡು ಕೂರುತ್ತದೆ. ನಾನು ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲೇ ಹೊಡೆದೆ. ರಶೀದಿ ಸಂಖ್ಯೆ ಏರುತ್ತ ಹೋದಂತೆ ದಿನಾಂಕ ಹಿಂದಕ್ಕೆ ಹೋದರೆ ಆ ಸಾಲನ್ನು ಮತ್ತೊಮ್ಮೆ ಫೋಟೊದಲ್ಲಿ ನೋಡಬೇಕು.

ನಿಜವಾದ ಪರೀಕ್ಷೆ ದಿನದ ಮೊತ್ತದ್ದು. ಗುಮಾಸ್ತರು ಪ್ರತಿ ದಿನದ ಕೊನೆಯ ರಶೀದಿಯ ಅಂಚಿನಲ್ಲಿ ಅಂದಿನ ಒಟ್ಟು ವಸೂಲಿ ಬರೆದಿಟ್ಟಿದ್ದರು. L ಕಾಲಂನಲ್ಲಿ ದಿನಾಂಕಗಳನ್ನಿಟ್ಟು, ಹಾಳೆಯಲ್ಲಿ ದಿನವಾರು ಕೂಡಿಸಿ ಅದಕ್ಕೆ ತಾಳೆ ನೋಡುತ್ತ ಬಂದೆ:

```
=SUMIFS(I:I,C:C,L2)
```

ಒಂದು ದಿನ ಪುಸ್ತಕದಲ್ಲಿ 18,650 ಇತ್ತು, ಹಾಳೆಯಲ್ಲಿ 18,020. ವ್ಯತ್ಯಾಸ 630. ಇದು 9ರಿಂದ ಭಾಗವಾಗುತ್ತದೆ, ಅಂದರೆ ಎಲ್ಲೋ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿರಬಹುದು ಎಂಬ ಸುಳಿವು. ನೂರು ಮತ್ತು ಹತ್ತರ ಸ್ಥಾನ ಅದಲುಬದಲಾದರೆ ವ್ಯತ್ಯಾಸ 90ರ ಗುಣಕವಾಗಿರುತ್ತದೆ. 630 ಎಂದರೆ 90ರ ಏಳು ಪಟ್ಟು, ಹಾಗಾದರೆ ಆ ಎರಡು ಅಂಕಿಗಳ ನಡುವೆ ಏಳರ ಅಂತರ ಇರಬೇಕು: 0 ಮತ್ತು 7, 1 ಮತ್ತು 8, ಇಲ್ಲವೇ 2 ಮತ್ತು 9. ಹಾಳೆಯ ಮೊತ್ತ ಕಡಿಮೆ ಬಂದಿದ್ದರಿಂದ ಚಿಕ್ಕ ಅಂಕಿ ನೂರರ ಸ್ಥಾನದಲ್ಲಿರಬೇಕು. ಅಂದಿನ ರಶೀದಿಗಳಲ್ಲಿ ಹಾಗಿದ್ದದ್ದು ಒಂದೇ, 1,180. ಅದರ ಅಕ್ಷರದ ಸಾಲು ಕಾರ್ಬನ್ನಿನಲ್ಲಿ ಬಿದ್ದೇ ಇರಲಿಲ್ಲ, ಅದಕ್ಕೇ ಮೊದಲ ಸುತ್ತಿನಲ್ಲಿ ಅಂಕಿಯನ್ನೇ ಒಪ್ಪಬೇಕಾಗಿತ್ತು. ಫೋಟೊ ಹಿಗ್ಗಿಸಿ ಬಾಬ್ತುಗಳನ್ನು ನೋಡಿದರೆ ಬೋಧನಾ ಶುಲ್ಕ 1,500, ಇತರೆ 310. ಕೂಡಿದರೆ 1,810. ಒಟ್ಟು ಬರೆಯುವಾಗ ಕೈ ತಪ್ಪಿದೆ, ಹಣ ಮಾತ್ರ ಸರಿಯಾಗಿಯೇ ಜಮಾ ಆಗಿದೆ. ಅಂಕಿಯ ಕಾಲಂನಲ್ಲಿ 1,180 ಹಾಗೇ ಉಳಿಸಿ, ಒಪ್ಪಿದ ಮೊತ್ತಕ್ಕೆ 1,810 ಹಾಕಿ, ಷರಾದಲ್ಲಿ ಕಾರಣ ಬರೆದೆ. ರಶೀದಿಯಲ್ಲಿ ಇದ್ದದ್ದನ್ನು ಅಳಿಸುವ ಹಕ್ಕು ನಕಲು ಮಾಡುವವರಿಗಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾಳೆ ಪೋಷಕರು ಅಸಲು ರಶೀದಿ ತಂದರೆ ಅದರಲ್ಲಿರುವುದೂ 1,180 ತಾನೇ.

ದಿನದ ಮೊತ್ತಗಳೆಲ್ಲ ಸರಿಹೊಂದಿದ ಮೇಲಷ್ಟೇ ಹೆಸರಿಗೆ ಕೈ ಹಾಕಿದೆ. ‘ಮಂಜುಳ’, ‘ಮಂಜುಳಾ’, ‘ಮಂಜುಳ ಎಸ್.’ ಮೂರೂ ಒಬ್ಬಳೇ ಇರಬಹುದು, ಒಂದೇ ತರಗತಿಯಲ್ಲಿ ಇಬ್ಬರೂ ಇರಬಹುದು. ಹಾಜರಿ ಪುಸ್ತಕದೊಂದಿಗೆ ಹೋಲಿಸಿ ಪ್ರತಿ ಸಾಲಿಗೂ ದಾಖಲಾತಿ ಸಂಖ್ಯೆ ಕೊಟ್ಟು, ವಿದ್ಯಾರ್ಥಿವಾರು ಮೊತ್ತವನ್ನು ಆ ಸಂಖ್ಯೆಯ ಮೇಲೆಯೇ ಕೂಡಿಸಿದೆ, ಹೆಸರಿನ ಮೇಲಲ್ಲ. ಕಂತಿನಲ್ಲಿ ಕಟ್ಟಿದವರ ರಶೀದಿಗಳು ಹೀಗೆ ತಾವಾಗಿಯೇ ಒಂದೆಡೆ ಸೇರಿದವು. ಯಾರದೆಂದು ಖಚಿತವಾಗದ ರಶೀದಿಗಳನ್ನು ಊಹೆಯ ಮೇಲೆ ಯಾರ ಖಾತೆಗೂ ಹಾಕದೆ ‘ಗುರುತಾಗದವು’ ಎಂಬ ಪ್ರತ್ಯೇಕ ಖಾತೆಯಲ್ಲಿಟ್ಟೆ. ಆ ಖಾತೆ ಸೇರಿಸಿದಾಗ ಎಲ್ಲ ವಿದ್ಯಾರ್ಥಿಗಳ ಮೊತ್ತವೂ ಎಲ್ಲ ದಿನಗಳ ಮೊತ್ತವೂ ಒಂದೇ ಬಂತು. ಲೆಡ್ಜರ್ ಜೊತೆಗೆ ಆ ಗುರುತಾಗದ ರಶೀದಿಗಳ ಸಂಖ್ಯೆ ಮತ್ತು ಫೋಟೊ ಹೆಸರುಗಳ ಪಟ್ಟಿಯನ್ನೂ ಶಾಲೆಗೆ ಒಪ್ಪಿಸಿದೆ.